ಹನ್ನೆರಡು ಲಕ್ಷದ ಗಡಿಯಲ್ಲಿ ಆದಾಯ ತೆರಿಗೆ: ನಿಮ್ಮ ತೆರಿಗೆ, ಸರಾಸರಿ ದರ, ಸೀಮಾಂತ ದರ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಜನವರಿ, ಫೆಬ್ರವರಿ ಬಂದರೆ ಬೆಳಗಾವಿಯ ಯಾವ ಆಫೀಸಿಗೆ ಹೋದರೂ ಟೀ ಹೊತ್ತಿನ ಮಾತು ಒಂದೇ. "ಸರ, ಇನ್ನೊಂದ್ ಇನ್‌ಕ್ರಿಮೆಂಟ್ ಬಂದ್ರ ಮ್ಯಾಲಿನ ಸ್ಲ್ಯಾಬಿಗೆ ಹೋಗ್ತೀನ್ರಿ. ಪೂರಾ ಪಗಾರಕ್ಕ ಟ್ಯಾಕ್ಸ್ ಬೀಳತೈತ್ರಿ." ಈ ಭಯ ಬಹುಪಾಲು ಸುಳ್ಳು. ಆದರೆ ಒಂದು ಜಾಗದಲ್ಲಿ ಮಾತ್ರ ನಿಜಕ್ಕಿಂತ ಹೆಚ್ಚು ನಿಜ. ಆ ಜಾಗ ಇರುವುದು ಹನ್ನೆರಡು ಲಕ್ಷದಿಂದ ಸ್ವಲ್ಪ ಮೇಲೆ. ಅಲ್ಲಿ ನೂರು ರೂಪಾಯಿ ಜಾಸ್ತಿ ಗಳಿಸಿದರೆ ನೂರಾ ನಾಲ್ಕು ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. ಇದು ಹೇಗೆ ಅಂತ ನೋಡಲು ಮೊದಲು ಲೆಕ್ಕವನ್ನು ಬುಡದಿಂದ ಹಾಕಿ ಬರೋಣ.

ಇಲ್ಲಿರುವುದೆಲ್ಲ 2025-26ರ ಲೆಕ್ಕ, ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗೆ ಬಂದ ಆದಾಯದ್ದು. ಹೊಸ ಪದ್ಧತಿಯನ್ನಷ್ಟೇ ತೆಗೆದುಕೊಂಡಿದ್ದೇನೆ. ನೀವು ಬೇರೆ ಆಯ್ಕೆ ಮಾಡದಿದ್ದರೆ ನಿಮಗೆ ಅನ್ವಯವಾಗುವುದು ಅದೇ.

## ಮೊದಲು ಸ್ಲ್ಯಾಬ್ ಓದುವುದನ್ನು ಕಲಿಯೋಣ

| ತೆರಿಗೆಗೆ ಒಳಪಡುವ ಆದಾಯದ ಭಾಗ | ಆ ಭಾಗಕ್ಕೆ ದರ |
|---|---|
| 4 ಲಕ್ಷದವರೆಗೆ | ಇಲ್ಲ |
| 4 ರಿಂದ 8 ಲಕ್ಷ | 5% |
| 8 ರಿಂದ 12 ಲಕ್ಷ | 10% |
| 12 ರಿಂದ 16 ಲಕ್ಷ | 15% |
| 16 ರಿಂದ 20 ಲಕ್ಷ | 20% |
| 20 ರಿಂದ 24 ಲಕ್ಷ | 25% |
| 24 ಲಕ್ಷದ ಮೇಲೆ | 30% |

ಈ ಪಟ್ಟಿಯಲ್ಲಿ ಮುಖ್ಯವಾದ ಪದ "ಭಾಗ". ನಿಮ್ಮ ಆದಾಯ 15 ಲಕ್ಷ ಇದ್ದರೆ ಇಡೀ 15 ಲಕ್ಷಕ್ಕೆ 15% ಅಲ್ಲ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ 5%, ಅದರ ಮುಂದಿನ 4 ಲಕ್ಷಕ್ಕೆ 10%. 12 ಲಕ್ಷ ದಾಟಿದ ಮೇಲಿನ 3 ಲಕ್ಷಕ್ಕೆ ಮಾತ್ರ 15%. ಮೇಲಿನ ಸ್ಲ್ಯಾಬಿಗೆ ಹೋದರೂ ಕೆಳಗಿನ ಭಾಗಗಳ ತೆರಿಗೆ ಒಂದು ಪೈಸೆಯೂ ಬದಲಾಗುವುದಿಲ್ಲ.

## ಹಂತ 1: ತೆರಿಗೆಗೆ ಒಳಪಡುವ ಆದಾಯ ಎಷ್ಟು?

ಸಂಬಳದವರು ಮತ್ತು ಪಿಂಚಣಿದಾರರು ಒಟ್ಟು ಸಂಬಳದಿಂದ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಬೇಕು. ಅದಕ್ಕೆ ಬಿಲ್ಲು, ರಸೀದಿ ಏನೂ ಬೇಡ. ಆಮೇಲೆ ಬೇರೆ ಆದಾಯ ಸೇರಿಸಬೇಕು. ಹೆಚ್ಚಿನವರ ಮಟ್ಟಿಗೆ ಅದು ಬ್ಯಾಂಕಿನ ಬಡ್ಡಿ. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ನಿಮ್ಮ ಊರಿನ ಪತ್ತಿನ ಸಂಘದಲ್ಲಿ ಇಟ್ಟ ಠೇವಣಿಯ ಬಡ್ಡಿ, ಎಲ್ಲ ಸೇರುತ್ತದೆ.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಮೊದಲನೆಯದು, ಹಳೆಯ ರೂಢಿಯಂತೆ ಎಲ್‌ಐಸಿ ಪ್ರೀಮಿಯಂ, ಪಿಪಿಎಫ್‌ಗೆ ಕಟ್ಟಿದ ಹಣ, ಸಂಬಳದಲ್ಲಿ ಕಡಿತವಾಗುವ ವೃತ್ತಿ ತೆರಿಗೆ ಇವನ್ನೆಲ್ಲ ಕಳೆಯುವುದು. ಹೊಸ ಪದ್ಧತಿಯಲ್ಲಿ ಇವು ಯಾವುವೂ ಕಳೆಯಲು ಬರುವುದಿಲ್ಲ. ಎರಡನೆಯದು, ಬಡ್ಡಿಯನ್ನು ಮರೆಯುವುದು. ಸಂಬಳ ಕೊಡುವವರಿಗೆ ನಿಮ್ಮ ಎಫ್‌ಡಿ ವಿಷಯ ಗೊತ್ತಿರುವುದಿಲ್ಲ. ಹಾಗಾಗಿ ಫಾರ್ಮ್ 16ರಲ್ಲಿ ಅದು ಕಾಣುವುದಿಲ್ಲ. ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ ಅಂತ ಇದ್ದರೆ ನಿಮ್ಮ ತೆರಿಗೆ ಸೊನ್ನೆ ಅಂತ ಅರ್ಥವಲ್ಲ. ನಿಮ್ಮ *ಸಂಬಳದ* ಮೇಲೆ ಸೊನ್ನೆ, ಅಷ್ಟೇ.

## ಹಂತ 2: ಸ್ಲ್ಯಾಬ್ ಪ್ರಕಾರ ತೆರಿಗೆ

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಒಬ್ಬ ಇಂಜಿನಿಯರ್ ಇದ್ದಾರೆ ಅಂದುಕೊಳ್ಳಿ. ವರ್ಷದ ಸಂಬಳ 15,75,000. ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 15,00,000. ಬೇರೆ ಆದಾಯ ಇಲ್ಲ.

- ಮೊದಲ 4,00,000ಕ್ಕೆ: 0
- ಮುಂದಿನ 4,00,000ಕ್ಕೆ 5%: 20,000
- ಮುಂದಿನ 4,00,000ಕ್ಕೆ 10%: 40,000
- ಉಳಿದ 3,00,000ಕ್ಕೆ 15%: 45,000

ಒಟ್ಟು 1,05,000.

ಈ ಸ್ಲ್ಯಾಬ್‌ಗಳಲ್ಲಿ ಒಂದು ಸೊಗಸು ಇದೆ. ಪ್ರತಿ ಗಡಿಯಲ್ಲೂ ದರ ಸರಿಯಾಗಿ 5% ಏರುತ್ತದೆ. ಹಾಗಾಗಿ ಲೆಕ್ಕ ತಾಳೆ ನೋಡಲು ಇನ್ನೊಂದು ದಾರಿ ಸಿಗುತ್ತದೆ. ಆದಾಯ ಪ್ರತಿ ಗಡಿಯನ್ನು ಎಷ್ಟು ದಾಟಿದೆ ಅಂತ ಬರೆದುಕೊಳ್ಳಿ, ಕೂಡಿಸಿ, ಅದರ 5% ತೆಗೆಯಿರಿ. 15 ಲಕ್ಷವು 4 ಲಕ್ಷದ ಗಡಿಯನ್ನು 11 ಲಕ್ಷದಿಂದ ದಾಟಿದೆ, 8 ಲಕ್ಷದ ಗಡಿಯನ್ನು 7 ಲಕ್ಷದಿಂದ, 12 ಲಕ್ಷದ ಗಡಿಯನ್ನು 3 ಲಕ್ಷದಿಂದ. ಕೂಡಿದರೆ 21 ಲಕ್ಷ. ಅದರ 5% ಅಂದರೆ 1,05,000. ತಾಳೆಯಾಯಿತು. ಎರಡು ದಾರಿಯಲ್ಲೂ ಒಂದೇ ಉತ್ತರ ಬರದಿದ್ದರೆ ಎಲ್ಲೋ ಕೂಡಿಸುವುದು ತಪ್ಪಿದೆ.

## ಹಂತ 3: ರಿಬೇಟ್, ಆಮೇಲೆ ಸೆಸ್

ಈ ಎರಡರ ಕ್ರಮ ಮುಖ್ಯ. ಮೊದಲು ರಿಬೇಟ್, ಕೊನೆಗೆ ಸೆಸ್.

ಭಾರತದ ನಿವಾಸಿಯ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಸೆಕ್ಷನ್ 87ಎ ಪ್ರಕಾರ 60,000 ರೂಪಾಯಿವರೆಗೆ ತೆರಿಗೆ ಮನ್ನಾ. 12 ಲಕ್ಷಕ್ಕೆ ಸ್ಲ್ಯಾಬ್ ತೆರಿಗೆ ಸರಿಯಾಗಿ 60,000. ಹಾಗಾಗಿ ತೆರಿಗೆ ಪೂರ್ತಿ ಹೋಗುತ್ತದೆ. "ಹನ್ನೆರಡೂ ಮುಕ್ಕಾಲು ಲಕ್ಷದವರೆಗೆ ಟ್ಯಾಕ್ಸ್ ಇಲ್ಲ" ಅನ್ನುವ ಮಾತು ಬಂದದ್ದು ಇಲ್ಲಿಂದ. ಸಂಬಳ 12,75,000, ಅದರಲ್ಲಿ 75,000 ಕಳೆದರೆ 12,00,000.

ಗಮನಿಸಿ, ಇದು 12 ಲಕ್ಷದವರೆಗಿನ ಸ್ಲ್ಯಾಬ್ ದರವೇ ಸೊನ್ನೆಯಾದಂತಲ್ಲ. ತೆರಿಗೆ ಹುಟ್ಟುತ್ತದೆ, ಆಮೇಲೆ ಅದನ್ನು ಮನ್ನಾ ಮಾಡುತ್ತಾರೆ. 12 ಲಕ್ಷ ದಾಟಿದರೆ ಈ ಮನ್ನಾ ಇಲ್ಲ. ನಮ್ಮ ಇಂಜಿನಿಯರಿಗೆ 15 ಲಕ್ಷ. ಹಾಗಾಗಿ ರಿಬೇಟ್ ಸಿಗುವುದಿಲ್ಲ, 4 ಲಕ್ಷದಿಂದಲೇ ಲೆಕ್ಕ ಶುರು.

ಕೊನೆಗೆ 4% ಸೆಸ್. ಇದು ಆದಾಯದ ಮೇಲೆ ಅಲ್ಲ, ತೆರಿಗೆಯ ಮೇಲೆ. 1,05,000ದ 4% ಅಂದರೆ 4,200. ಒಟ್ಟು ಕಟ್ಟಬೇಕಾದದ್ದು 1,09,200.

ಆದಾಯ 50 ಲಕ್ಷ ದಾಟಿದವರಿಗೆ ಇದರ ಮೇಲೆ ಸರ್‌ಚಾರ್ಜ್ ಬೇರೆ ಇದೆ. ಅದನ್ನು ಇಲ್ಲಿ ಬಿಡುತ್ತೇನೆ. ಷೇರು, ಮ್ಯೂಚುವಲ್ ಫಂಡ್ ಮಾರಿದ ಲಾಭಕ್ಕೂ ಬೇರೆ ದರಗಳಿವೆ, ಆ ವಿಶೇಷ ದರದ ತೆರಿಗೆಗೆ ಈ ರಿಬೇಟ್ ಸಿಗುವುದಿಲ್ಲ. ಅಂಥ ಲಾಭ ಇದ್ದವರು ಅದನ್ನು ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು.

## ಹಂತ 4: ಸರಾಸರಿ ದರ

ಕಟ್ಟುವ ತೆರಿಗೆಯನ್ನು ಆದಾಯದಿಂದ ಭಾಗಿಸಿ. ಇಂಜಿನಿಯರಿಗೆ 1,09,200 ಭಾಗಿಸು 15,00,000, ಅಂದರೆ 7.28%. "ನಾನು 15% ಸ್ಲ್ಯಾಬಿನಲ್ಲಿದ್ದೇನೆ" ಅಂತ ಅವರು ಹೇಳಬಹುದು. ಆದರೆ ನೂರು ರೂಪಾಯಿಯಲ್ಲಿ ಅವರು ಕಟ್ಟುತ್ತಿರುವುದು ಏಳು ರೂಪಾಯಿ ಚಿಲ್ಲರೆ.

ಯಾವ ಆದಾಯದಿಂದ ಭಾಗಿಸಿದಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಒಟ್ಟು ಸಂಬಳ 15,75,000ದಿಂದ ಭಾಗಿಸಿದರೆ 6.93% ಬರುತ್ತದೆ. ಎರಡೂ ಸರಿ. ಆದರೆ ಇಬ್ಬರು ಹೋಲಿಸುವಾಗ ಒಬ್ಬರು ಒಂದರಿಂದ, ಇನ್ನೊಬ್ಬರು ಇನ್ನೊಂದರಿಂದ ಭಾಗಿಸಿದರೆ ವಾದ ಮುಗಿಯುವುದಿಲ್ಲ. ನಾನು ಇಲ್ಲಿ ಎಲ್ಲ ಕಡೆ ತೆರಿಗೆಗೆ ಒಳಪಡುವ ಆದಾಯದಿಂದಲೇ ಭಾಗಿಸಿದ್ದೇನೆ.

## ಹಂತ 5: ಸೀಮಾಂತ ದರ

ಇನ್ನು ಮುಂದೆ ಬರುವ ನೂರು ರೂಪಾಯಿಯಲ್ಲಿ ತೆರಿಗೆಗೆ ಹೋಗುವುದೆಷ್ಟು, ಅದೇ ಸೀಮಾಂತ ದರ. ಇಂಜಿನಿಯರಿಗೆ 15% ಮತ್ತು ಅದರ ಮೇಲೆ 4% ಸೆಸ್, ಅಂದರೆ 15.6%. ಸೆಸ್ ಬಿಟ್ಟು 15 ಅಂತಲೇ ಹೇಳುವವರು ಜಾಸ್ತಿ. ಜೇಬಿನಿಂದ ಹೋಗುವುದು ಮಾತ್ರ 15.6.

ಇದನ್ನು ಸ್ಲ್ಯಾಬ್ ಪಟ್ಟಿ ನೋಡಿ ಬರೆಯುವುದಕ್ಕಿಂತ ಲೆಕ್ಕ ಹಾಕಿ ತೆಗೆಯುವುದೇ ಒಳ್ಳೆಯದು. ಆದಾಯಕ್ಕೆ 1,000 ರೂಪಾಯಿ ಸೇರಿಸಿ ಇಡೀ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಎರಡು ತೆರಿಗೆಗಳ ವ್ಯತ್ಯಾಸವನ್ನು 1,000ದಿಂದ ಭಾಗಿಸಿ. 15,01,000ಕ್ಕೆ ತೆರಿಗೆ 1,09,356. ವ್ಯತ್ಯಾಸ 156. ಭಾಗಿಸಿದರೆ 15.6%. ಈ ಸುತ್ತು ದಾರಿ ಯಾಕೆ ಬೇಕು ಅಂತ ಅನಿಸಬಹುದು. 12 ಲಕ್ಷದ ಹತ್ತಿರ ಪಟ್ಟಿ ಹೇಳುವುದೊಂದು, ಲೆಕ್ಕ ಹೇಳುವುದೊಂದು. ಅಲ್ಲಿ ಪಟ್ಟಿಯನ್ನು ನಂಬಿದರೆ ಕೆಟ್ಟಿರಿ.

ಬರುವ ಹಣ ಒಂದು ಗಡಿಯನ್ನು ದಾಟುವಂತಿದ್ದರೆ ಅದನ್ನು ಎರಡು ತುಂಡು ಮಾಡಿ. ಒಬ್ಬರ ಆದಾಯ 15,90,000 ಇದೆ, ತುಟ್ಟಿಭತ್ಯೆ ಬಾಕಿ ಅಂತ 30,000 ಬರುತ್ತದೆ. ಮೊದಲ 10,000ಕ್ಕೆ 15%, ಅಂದರೆ 1,500. 16 ಲಕ್ಷ ದಾಟಿದ 20,000ಕ್ಕೆ 20%, ಅಂದರೆ 4,000. ಸೆಸ್ ಸೇರಿ 5,720. ಮೂವತ್ತು ಸಾವಿರದಲ್ಲಿ 24,280 ಕೈಗೆ ಬಂತು. ಹೊಸ ಸ್ಲ್ಯಾಬಿಗೆ ಹೋದದ್ದಕ್ಕೆ ನಷ್ಟವಾಯಿತಾ? ಇಲ್ಲ, ಅಲ್ವಾ? ಟೀ ಹೊತ್ತಿನ ಭಯಕ್ಕೆ ಇದೇ ಉತ್ತರ. ಅಂದಹಾಗೆ, ಬಾಕಿ ಹಿಂದಿನ ವರ್ಷಗಳಿಗೆ ಸೇರಿದ್ದರೆ ಸೆಕ್ಷನ್ 89ರ ಪರಿಹಾರ ಸಿಗಬಹುದು. ಅದಕ್ಕೆ ರಿಟರ್ನ್ ಸಲ್ಲಿಸುವ ಮೊದಲೇ ಫಾರ್ಮ್ 10ಇ ತುಂಬಬೇಕು.

## ಬೇರೆ ಬೇರೆ ಆದಾಯಗಳಿಗೆ ಇದೇ ಲೆಕ್ಕ

ಕೈಯಲ್ಲಿ ಪ್ರತಿ ಸಲ ಮಾಡುವ ಬದಲು ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹಾಕಿಡಿ. A2ರಲ್ಲಿ ತೆರಿಗೆಗೆ ಒಳಪಡುವ ಆದಾಯ ಬರೆಯಿರಿ. ಕೆಳಗಿನ ಸೂತ್ರಗಳನ್ನು ಕ್ರಮವಾಗಿ B2, C2, D2, E2ರಲ್ಲಿ ಹಾಕಿ.

```
=5%*(MAX(0,A2-400000)+MAX(0,A2-800000)+MAX(0,A2-1200000)+MAX(0,A2-1600000)+MAX(0,A2-2000000)+MAX(0,A2-2400000))
=IF(A2<=1200000,0,MIN(B2,A2-1200000))
=C2*1.04
=D2/A2
```

B2 ಸ್ಲ್ಯಾಬ್ ತೆರಿಗೆ. D2 ಸೆಸ್ ಸೇರಿದ ತೆರಿಗೆ. E2 ಸರಾಸರಿ ದರ. C2ರಲ್ಲಿರುವ `MIN` ಏನು ಅನ್ನುವುದು ಮುಂದಿನ ಭಾಗದಲ್ಲಿ ಗೊತ್ತಾಗುತ್ತದೆ. A3ರಲ್ಲಿ `=A2+1000` ಅಂತ ಬರೆದು ಸೂತ್ರಗಳನ್ನು ಕೆಳಗೆ ಎಳೆದರೆ `=(D3-D2)/1000` ನಿಮ್ಮ ಸೀಮಾಂತ ದರ. ನಿಜವಾಗಿ ಕಟ್ಟುವಾಗ ತೆರಿಗೆಯನ್ನು ಹತ್ತಿರದ ಹತ್ತು ರೂಪಾಯಿಗೆ ಸರಿಮಾಡುತ್ತಾರೆ. ಅದು ಚಿಲ್ಲರೆ ವ್ಯತ್ಯಾಸ. ಈ ಸೂತ್ರ 50 ಲಕ್ಷದವರೆಗೆ ಮಾತ್ರ.

| ತೆರಿಗೆಗೆ ಒಳಪಡುವ ಆದಾಯ | ಸೆಸ್ ಸೇರಿ ತೆರಿಗೆ | ಸರಾಸರಿ ದರ | ಸೀಮಾಂತ ದರ |
|---|---|---|---|
| 6,00,000 | 0 | 0 | 0 |
| 12,00,000 | 0 | 0 | 104% |
| 12,33,000 | 34,320 | 2.78% | 104% |
| 15,00,000 | 1,09,200 | 7.28% | 15.6% |
| 18,00,000 | 1,66,400 | 9.24% | 20.8% |
| 30,00,000 | 4,99,200 | 16.64% | 31.2% |

ಸರಾಸರಿ ದರದ ಸಾಲನ್ನು ಮೇಲಿಂದ ಕೆಳಗೆ ಓದಿ. ನಿಧಾನವಾಗಿ ಏರುತ್ತದೆ. 30 ಲಕ್ಷದವರೂ ಒಟ್ಟಾರೆ 17%ಗಿಂತ ಕಡಿಮೆ ಕಟ್ಟುತ್ತಾರೆ. ಸೀಮಾಂತ ದರದ ಸಾಲು ಮಾತ್ರ ವಿಚಿತ್ರ. ಸೊನ್ನೆಯಿಂದ 104ಕ್ಕೆ ಹಾರಿ, ಆಮೇಲೆ 15.6ಕ್ಕೆ ಬೀಳುತ್ತದೆ.

## 12 ಲಕ್ಷದ ಮೇಲಿನ ಇಕ್ಕಟ್ಟು

ರಿಬೇಟ್ 12 ಲಕ್ಷಕ್ಕೆ ನಿಲ್ಲುತ್ತದೆ ಅಂದೆ. ನಿಯಮ ಅಷ್ಟೇ ಆಗಿದ್ದರೆ 12,00,000 ಇದ್ದವರಿಗೆ ತೆರಿಗೆ ಸೊನ್ನೆ, 12,00,010 ಇದ್ದವರಿಗೆ ಅರವತ್ತು ಸಾವಿರದ ಮೇಲೆ ಆಗುತ್ತಿತ್ತು. ಹತ್ತು ರೂಪಾಯಿಗೆ ಅರವತ್ತು ಸಾವಿರ! ಇದನ್ನು ತಪ್ಪಿಸಲು ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಇದೆ. 12 ಲಕ್ಷದ ಮೇಲೆ ನೀವು ಎಷ್ಟು ಗಳಿಸಿದ್ದೀರೋ ಸೆಸ್‌ಗೆ ಮೊದಲಿನ ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು. ಸ್ಲ್ಯಾಬ್ ತೆರಿಗೆ ಒಂದು ಕಡೆ, 12 ಲಕ್ಷ ದಾಟಿದ ಮೊತ್ತ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಡಿಮೆಯೋ ಅದು ನಿಮ್ಮ ತೆರಿಗೆ. ಸೂತ್ರದಲ್ಲಿ `MIN` ಮಾಡುತ್ತಿರುವುದು ಇದನ್ನೇ.

ಪರಿಹಾರ ಅಂತ ಹೆಸರಿದ್ದರೂ ಇದರ ಅರ್ಥ ನೋಡಿ. ಈ ವಲಯದಲ್ಲಿ ದಾಟಿದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೆ ಹೋಗುತ್ತದೆ. ಅದರ ಮೇಲೆ 4% ಸೆಸ್. ಹಾಗಾಗಿ ಸೀಮಾಂತ ದರ 104%. ಗಳಿಸಿದ್ದಕ್ಕಿಂತ ಜಾಸ್ತಿ ಕೊಡಬೇಕು.

ಇದು ಎಲ್ಲಿಯವರೆಗೆ? ದಾಟಿದ ಮೊತ್ತಕ್ಕಿಂತ ಸ್ಲ್ಯಾಬ್ ತೆರಿಗೆಯೇ ಕಡಿಮೆಯಾಗುವವರೆಗೆ. ಸ್ಲ್ಯಾಬ್ ತೆರಿಗೆ ಅಂದರೆ 60,000 ಮತ್ತು ದಾಟಿದ ಮೊತ್ತದ 15%. ಇದು ದಾಟಿದ ಮೊತ್ತಕ್ಕೆ ಸಮವಾಗುವುದು ಯಾವಾಗ ಅಂದರೆ, 60,000 ಅನ್ನು 0.85ರಿಂದ ಭಾಗಿಸಿ. 70,588 ಬರುತ್ತದೆ. ಅಂದರೆ 12,00,000ದಿಂದ 12,70,588ರವರೆಗೆ ಸೀಮಾಂತ ದರ 104%. ಆಮೇಲೆ 15.6%.

ಅಲ್ಲಿಗೂ ಕೈಗೆ ಸಿಗುವ ಹಣ ಹಿಂದಿನ ಮಟ್ಟಕ್ಕೆ ಬಂದಿರುವುದಿಲ್ಲ. 12,70,588ರಲ್ಲಿ ತೆರಿಗೆ ಹೋಗಿ ಉಳಿಯುವುದು 12 ಲಕ್ಷಕ್ಕಿಂತ ಸುಮಾರು 2,823 ಕಡಿಮೆ. ಇದು ತುಂಬಿಕೊಳ್ಳಲು ಆದಾಯ 12,73,934ರ ಹತ್ತಿರ ಹೋಗಬೇಕು. ಸಂಬಳದವರ ಭಾಷೆಯಲ್ಲಿ ಹೇಳುವುದಾದರೆ, ಬೇರೆ ಆದಾಯ ಇಲ್ಲದವರ ಒಟ್ಟು ಸಂಬಳ 12,75,000 ಮತ್ತು 13,48,934ರ ನಡುವೆ ಇದ್ದರೆ, ತೆರಿಗೆ ಕಟ್ಟಿದ ಮೇಲೆ ಉಳಿಯುವುದು 12,75,000 ಸಂಬಳದವರಿಗಿಂತ ಸ್ವಲ್ಪ ಕಡಿಮೆಯೇ. ಈ ಇಕ್ಕಟ್ಟಿನಲ್ಲಿ ಮಾತ್ರ ಇನ್‌ಕ್ರಿಮೆಂಟ್ ಭಯಕ್ಕೆ ಅರ್ಥ ಇದೆ. ಅದೂ ಒಂದೆರಡು ಸಾವಿರದ ಮಾತು, ಮತ್ತು ಇನ್‌ಕ್ರಿಮೆಂಟಿನಿಂದ ಮುಂದಿನ ವರ್ಷಗಳ ಮೂಲ ವೇತನ, ಪಿಂಚಣಿ ಎಲ್ಲ ಏರುತ್ತದೆ. ಬೇಡ ಅನ್ನುವುದು ದಡ್ಡತನ.

ಇನ್‌ಕ್ರಿಮೆಂಟಿಗಿಂತ ಜಾಸ್ತಿ ಜನರನ್ನು ಇಲ್ಲಿ ಸಿಕ್ಕಿಸುವುದು ಬಡ್ಡಿ.

## ಒಂದೇ 38,000, ನಾಲ್ಕು ಮನೆಗಳಲ್ಲಿ

ವಿಜಯಪುರದ ಒಬ್ಬ ಹೈಸ್ಕೂಲ್ ಮುಖ್ಯ ಶಿಕ್ಷಕಿಯ ಲೆಕ್ಕ ನೋಡೋಣ. ಒಟ್ಟು ಸಂಬಳ 12,70,000. ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 11,95,000. ಸಂಬಳ ಬಿಡುಗಡೆ ಮಾಡುವವರು ಟಿಡಿಎಸ್ ಹಿಡಿದಿಲ್ಲ. ಹಿಡಿಯಬೇಕಾಗಿಯೂ ಇರಲಿಲ್ಲ. ಮಗಳ ಮದುವೆಗೆ ಅಂತ ಇಟ್ಟ ಐದೂವರೆ ಲಕ್ಷದ ಎಫ್‌ಡಿಗೆ ವರ್ಷಕ್ಕೆ 38,000 ಬಡ್ಡಿ ಬಂದಿದೆ. ಬ್ಯಾಂಕ್ ಕೂಡ ಟಿಡಿಎಸ್ ಹಿಡಿದಿಲ್ಲ, ಯಾಕಂದರೆ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಮಾತ್ರ ಹಿಡಿಯಬೇಕು. ಎರಡೂ ಕಡೆ ಕಾಗದ ಸರಿ ಇದೆ. ಶಿಕ್ಷಕಿ ನಿಶ್ಚಿಂತೆ.

ಈಗ ಎರಡನ್ನೂ ಕೂಡಿಸಿ. 11,95,000 ಮತ್ತು 38,000, ಒಟ್ಟು 12,33,000. 12 ಲಕ್ಷ ದಾಟಿತು. ಸ್ಲ್ಯಾಬ್ ತೆರಿಗೆ 60,000 ಮತ್ತು 33,000ದ 15%, ಅಂದರೆ 64,950. ದಾಟಿದ ಮೊತ್ತ 33,000. ಕಡಿಮೆ ಇರುವುದು 33,000. ಅದರ ಮೇಲೆ ಸೆಸ್ 1,320. ಕಟ್ಟಬೇಕಾದದ್ದು 34,320.

ಸರಾಸರಿ ದರ 2.78%. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಬಡ್ಡಿ ಇಲ್ಲದಿದ್ದರೆ ತೆರಿಗೆ ಸೊನ್ನೆ ಇತ್ತು. ಅಂದರೆ ಈ ಇಡೀ 34,320 ಬಡ್ಡಿಯ ಮೇಲೆ ಬಿದ್ದದ್ದು. 38,000 ಬಡ್ಡಿಯಲ್ಲಿ ಅವರಿಗೆ ಉಳಿದದ್ದು 3,680. ಎಫ್‌ಡಿ ಸುಮಾರು 7% ಕೊಡುತ್ತಿದೆ ಅಂತ ಅವರು ತಿಳಿದಿದ್ದರು. ಕೈಗೆ ಬಂದದ್ದು 1%ಗೂ ಕಡಿಮೆ.

ಇದೇ 38,000 ಬಡ್ಡಿ ಬೇರೆಯವರಿಗೆ ಬಂದಿದ್ದರೆ? ಬಾಗಲಕೋಟೆಯ ಒಬ್ಬ ಸ್ಟಾಫ್ ನರ್ಸ್‌ಗೆ ತೆರಿಗೆಗೆ ಒಳಪಡುವ ಆದಾಯ 6 ಲಕ್ಷ ಅಂದುಕೊಂಡರೆ, 38,000 ಸೇರಿದರೂ ತೆರಿಗೆ ಸೊನ್ನೆ. ನಮ್ಮ ಇಂಜಿನಿಯರಿಗೆ 15.6% ಲೆಕ್ಕದಲ್ಲಿ 5,928. 30 ಲಕ್ಷದ ಆಸ್ಪತ್ರೆ ಡಾಕ್ಟರಿಗೆ 31.2% ಲೆಕ್ಕದಲ್ಲಿ 11,856. ಡಾಕ್ಟರಿಗಿಂತ ಶಿಕ್ಷಕಿಗೆ ಸುಮಾರು ಮೂರು ಪಟ್ಟು ಬಿದ್ದಿದೆ. ಹಣ ಎಲ್ಲಿ ಇಡಬೇಕು, ಟ್ಯೂಷನ್ ಹೇಳಬೇಕಾ, ಹೆಚ್ಚುವರಿ ಕೆಲಸ ಒಪ್ಪಬೇಕಾ ಅನ್ನುವ ತೀರ್ಮಾನಕ್ಕೆ ಸರಾಸರಿ ದರ ಉಪಯೋಗಕ್ಕೆ ಬಾರದು. ಅಲ್ಲಿ ನೋಡಬೇಕಾದದ್ದು ಸೀಮಾಂತ ದರ.

## ಇಕ್ಕಟ್ಟಿನಲ್ಲಿದ್ದರೆ ಏನು ಮಾಡಬಹುದು?

ಮಾರ್ಚ್ ಮುಗಿದ ಮೇಲೆ ಹೆಚ್ಚೇನೂ ಮಾಡಲಾಗದು. ಮೊದಲೇ ನೋಡಿಕೊಂಡರೆ ದಾರಿಗಳಿವೆ.

ಮೊದಲ ದಾರಿ ಎನ್‌ಪಿಎಸ್. ನೀವು ಕಟ್ಟುವ ಪಾಲು ಹೊಸ ಪದ್ಧತಿಯಲ್ಲಿ ಕಳೆಯಲು ಬರುವುದಿಲ್ಲ. ಆದರೆ ಕೆಲಸ ಕೊಟ್ಟವರು ನಿಮ್ಮ ಖಾತೆಗೆ ಕಟ್ಟುವ ಪಾಲು, ಮೂಲ ವೇತನ ಮತ್ತು ತುಟ್ಟಿಭತ್ಯೆಯ 14%ವರೆಗೆ, ಆದಾಯದಿಂದ ಕಳೆಯುತ್ತದೆ. ಖಾಸಗಿ ಕಂಪನಿಯವರು ಸಂಬಳದ ರಚನೆ ಬದಲಿಸಲು ಒಪ್ಪಿದರೆ ಇದು ಬಹಳ ಲಾಭ. ಆದಾಯ 12,40,000 ಇದ್ದವರಿಗೆ ತೆರಿಗೆ 41,600. ಸಂಬಳದಿಂದ 40,000ವನ್ನು ಕಂಪನಿಯ ಎನ್‌ಪಿಎಸ್ ಪಾಲಾಗಿ ಬದಲಿಸಿದರೆ ತೆರಿಗೆ ಸೊನ್ನೆ. ಸರ್ಕಾರಿ ನೌಕರರಿಗೆ ಸರ್ಕಾರದ ಪಾಲು ಸಂಬಳದ ಲೆಕ್ಕದಲ್ಲಿ ಮೊದಲು ಸೇರಿ ಆಮೇಲೆ ಕಳೆಯಬೇಕು. ಎರಡೂ ಆಗಿದೆಯಾ ಅಂತ ಫಾರ್ಮ್ 16ರಲ್ಲಿ ನೋಡಿಕೊಳ್ಳಿ. ಸೇರಿಸಿ ಕಳೆಯದೆ ಬಿಟ್ಟಿದ್ದರೆ ನಿಮ್ಮ ಆದಾಯ ಸುಮ್ನೆ ಜಾಸ್ತಿ ಕಾಣುತ್ತದೆ.

ನಮ್ಮ ಶಿಕ್ಷಕಿ ಹಳೆ ಪಿಂಚಣಿಯವರು, ಎನ್‌ಪಿಎಸ್ ಇಲ್ಲ ಅಂದುಕೊಳ್ಳಿ. ಆಗ ಬಡ್ಡಿ ಹುಟ್ಟುವ ಜಾಗ ಬದಲಿಸಬೇಕು. ಪಿಪಿಎಫ್‌ಗೆ ಹಾಕಿದ ಹಣ ಆದಾಯದಿಂದ ಕಳೆಯದಿದ್ದರೂ ಅದರ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ಆದರೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ, ಖಾತೆಯ ಅವಧಿ 15 ವರ್ಷ. ಮದುವೆ ಎರಡು ವರ್ಷದಲ್ಲಿ ಇದ್ದರೆ ಇದು ಆಗದ ಮಾತು.

ಎಲ್ಲರಿಗೂ ಥಟ್ಟನೆ ಹೊಳೆಯುವ ಉಪಾಯ ಯಜಮಾನರ ಹೆಸರಿಗೆ ಎಫ್‌ಡಿ ಮಾಡುವುದು. ಇದು ನಡೆಯುವುದಿಲ್ಲ. ಗಂಡನಿಗೆ ಅಥವಾ ಹೆಂಡತಿಗೆ ಕೊಟ್ಟ ಹಣದ ಬಡ್ಡಿ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಆದರೆ ತಂದೆ ತಾಯಿಗೆ ಅಥವಾ 18 ದಾಟಿದ ಮಗಳಿಗೆ ಉಡುಗೊರೆಯಾಗಿ ಕೊಟ್ಟ ಹಣದ ಬಡ್ಡಿ ಪಡೆದವರ ಆದಾಯ. ಅವರಿಗೆ ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ಕೊಟ್ಟ ಹಣ ಆಮೇಲೆ ಅವರದ್ದೇ ಆಗಿರುತ್ತದೆ ಅನ್ನುವುದು ನೆನಪಿರಲಿ. ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ, ಒಂದು ಹಾಳೆಯಲ್ಲಿ ಬರೆದಿಡಿ.

ಏನೂ ಸಾಧ್ಯವಾಗದಿದ್ದರೆ ಸಮಯಕ್ಕೆ ಸರಿಯಾಗಿ ಕಟ್ಟಿ. ಟಿಡಿಎಸ್ ಕಳೆದು ಉಳಿದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ವರ್ಷದೊಳಗೇ ಕಂತುಗಳಲ್ಲಿ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಕೊನೆಯ ಕಂತು ಮಾರ್ಚ್ 15. ತಡವಾದರೆ ತಿಂಗಳಿಗೆ 1% ಬಡ್ಡಿ. ಸುಲಭದ ದಾರಿ ಏನಂದರೆ, ಎಫ್‌ಡಿ ಬಡ್ಡಿಯನ್ನು ಸಂಬಳದ ವಿಭಾಗಕ್ಕೆ ಬರೆದುಕೊಟ್ಟು ಅಲ್ಲೇ ಟಿಡಿಎಸ್ ಹಿಡಿಯಲು ಹೇಳುವುದು. ಯಾವ ಯಾವ ಬಡ್ಡಿ ಇಲಾಖೆಗೆ ವರದಿಯಾಗಿದೆ ಅಂತ incometax.gov.in ಒಳಗೆ ಲಾಗಿನ್ ಆಗಿ AIS ಅನ್ನುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನೋಡಬಹುದು. ಅಲ್ಲಿ ಕಾಣದ ಬಡ್ಡಿಯನ್ನೂ ನೀವೇ ಸೇರಿಸಬೇಕು.

## ಹೊಲದ ಆದಾಯ ಇದ್ದವರಿಗೆ

ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಸಂಬಳದ ಜೊತೆ ಕಬ್ಬೋ ದ್ರಾಕ್ಷಿಯೋ ಇರುವ ಮನೆಗಳು ಎಷ್ಟೋ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಅನ್ನುವುದು ನಿಜ. ಆದರೆ ಅದು ಉಳಿದ ಆದಾಯವನ್ನು ಮೇಲಿನ ಸ್ಲ್ಯಾಬಿಗೆ ತಳ್ಳುತ್ತದೆ. ಖರ್ಚು ಕಳೆದ ಕೃಷಿ ಆದಾಯ 5,000 ದಾಟಿ, ಬೇರೆ ಆದಾಯ 4 ಲಕ್ಷ ದಾಟಿದ್ದರೆ ಈ ಲೆಕ್ಕ ಮಾಡಲೇಬೇಕು.

ಜಮಖಂಡಿ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿಗೆ ತೆರಿಗೆಗೆ ಒಳಪಡುವ ಆದಾಯ 14,00,000, ಕಬ್ಬಿನಿಂದ ಖರ್ಚು ಹೋಗಿ 3,00,000. ಮೊದಲು ಎರಡನ್ನೂ ಕೂಡಿಸಿ 17,00,000ಕ್ಕೆ ಸ್ಲ್ಯಾಬ್ ತೆರಿಗೆ ತೆಗೆಯಿರಿ: 1,40,000. ಆಮೇಲೆ ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿ, ಅಂದರೆ 7,00,000ಕ್ಕೆ ತೆರಿಗೆ ತೆಗೆಯಿರಿ: 15,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ: 1,25,000. ಸೆಸ್ ಸೇರಿ 1,30,000. ಕಬ್ಬು ಇಲ್ಲದಿದ್ದರೆ ಇವರ ತೆರಿಗೆ 93,600 ಇರುತ್ತಿತ್ತು. ತೆರಿಗೆಯೇ ಇಲ್ಲದ ಆದಾಯ 36,400 ತೆರಿಗೆ ಏರಿಸಿದೆ.

12 ಲಕ್ಷದೊಳಗಿನವರೂ ಇಲ್ಲಿ ಎಚ್ಚರ ಇರಲಿ. 87ಎ ರಿಬೇಟ್‌ಗೆ ನೋಡುವ 12 ಲಕ್ಷದಲ್ಲಿ ಕೃಷಿ ಆದಾಯ ಸೇರುವುದಿಲ್ಲ. ಆದರೆ ರಿಬೇಟ್ 60,000ಕ್ಕೆ ನಿಲ್ಲುತ್ತದೆ. ಆದಾಯ 11,50,000, ಕೃಷಿಯಿಂದ 5,00,000 ಇದ್ದರೆ, 16,50,000ದ ತೆರಿಗೆ 1,30,000. ಅದರಲ್ಲಿ 9,00,000ದ ತೆರಿಗೆ 30,000 ಕಳೆದರೆ 1,00,000. ರಿಬೇಟ್ 60,000 ಹೋಗಿ 40,000 ಉಳಿಯುತ್ತದೆ, ಸೆಸ್ ಸೇರಿ 41,600. ಮೇಲಿನ ಎಕ್ಸೆಲ್ ಸೂತ್ರ ಇದನ್ನು ಹಿಡಿಯುವುದಿಲ್ಲ. ಹೊಲ ಇದ್ದವರು B2ರ ಸೂತ್ರವನ್ನು ಎರಡು ಸಲ ಓಡಿಸಿ, ಕಳೆದು, ರಿಬೇಟ್ ಮತ್ತು ಸೆಸ್ ಕೈಯಲ್ಲೇ ಹಾಕಬೇಕು. ಕಾರ್ಖಾನೆಯ ಕಬ್ಬಿನ ಬಿಲ್ಲು, ಗೊಬ್ಬರದ ಅಂಗಡಿಯ ರಸೀದಿ, ಪಹಣಿ ಒಂದೇ ಫೈಲಿನಲ್ಲಿ ಇಟ್ಟಿರಿ. ಕೃಷಿ ಆದಾಯ ಅಂತ ತೋರಿಸಿದ ಮೊತ್ತದ ಬಗ್ಗೆ ಕೇಳಿದರೆ ಕೊಡಬೇಕಾದದ್ದು ಅವೇ.